ಸೋಮವಾರ ಬೆಳಗಿನ ಹೊಟ್ಟೆನೋವು: ಮಕ್ಕಳ ಆತಂಕದ ಬಗ್ಗೆ ಪೋಷಕರ ಸಭೆಯಲ್ಲಿ ಅರ್ಧ ಗಂಟೆ ಮಾತಾಡುವುದು ಹೇಗೆ

ಪೋಷಕರ ಸಭೆಯಲ್ಲಿ "ಮಕ್ಕಳ ಆತಂಕದ ಬಗ್ಗೆ ಸ್ವಲ್ಪ ಮಾತಾಡಿ" ಅಂತ ಹೆಡ್ ಮಾಸ್ಟರ್ ಹೇಳಿದರೆ ಹೆಚ್ಚಿನವರು ಒಂದೇ ಕೆಲಸ ಮಾಡುತ್ತಾರೆ. ಇಪ್ಪತ್ತು ಲಕ್ಷಣಗಳ ಪಟ್ಟಿ ಹುಡುಕಿ ತಂದು ಓದಿಬಿಡುತ್ತಾರೆ. ಬೆವರುವುದು, ಉಗುರು ಕಚ್ಚುವುದು, ನಿದ್ದೆ ಬಾರದಿರುವುದು, ಸಿಟ್ಟು, ಅಳು. ಕೇಳಿಸಿಕೊಂಡ ಅರ್ಧ ಜನ "ಇದೆಲ್ಲಾ ನಮ್ಮ ಮಗುವಿಗೂ ಇದೆಯಲ್ಲಾ" ಅಂತ ಗಾಬರಿಯಾಗುತ್ತಾರೆ, ಇನ್ನರ್ಧ ಜನ "ಎಲ್ಲಾ ಮಕ್ಕಳೂ ಹಿಂಗೇ" ಅಂತ ಎದ್ದು ಹೋಗುತ್ತಾರೆ. ನಾನು ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಶಾಲೆಗಳಲ್ಲಿ ಈ ಮಾತು ಆಡುತ್ತೇನೆ. ನನ್ನ ಸಲಹೆ ಇಷ್ಟೇ: ಒಂದೇ ಒಂದು ವಿಷಯ ಹಿಡಿದುಕೊಳ್ಳಿ. ಸ್ಕೂಲಿಗೆ ಹೊರಡುವ ಹೊತ್ತಿಗೆ ಬರುವ ಹೊಟ್ಟೆನೋವು. ಅದನ್ನು ನೋಡದ ತಾಯಿ ಇಲ್ಲ, ಮತ್ತು ಅದರ ಹಿಂದೆ ಆತಂಕ ಇದೆಯೋ ಇಲ್ಲವೋ ಅಂತ ಮನೆಯಲ್ಲೇ ಗಮನಿಸಿ ಒಂದು ಅಂದಾಜಿಗೆ ಬರಬಹುದು.

1. ದಿನ, ಹೊತ್ತು, ನೋಟೀಸು

ನಮ್ಮ ಕಡೆ ಶನಿವಾರ ಬೆಳಗ್ಗೆ ಹತ್ತೂವರೆ ಒಳ್ಳೆಯ ಹೊತ್ತು. ಡೇರಿಗೆ ಹಾಲು ಹಾಕಿ ಆಗಿರುತ್ತದೆ, ಸ್ಕೂಲು ಅರ್ಧ ದಿನ. ರೇಷ್ಮೆ ಇರುವ ಊರಾದರೆ ಮೊದಲು ವಿಚಾರಿಸಿಕೊಳ್ಳಿ. ಹುಳ ಹಣ್ಣಾಗಿ ಚಂದ್ರಿಕೆಗೆ ಬಿಡುವ ದಿನ ಸಭೆ ಕರೆದರೆ ಯಾರೂ ಬರುವುದಿಲ್ಲ, ಬರಬೇಕು ಅಂತ ಕೇಳುವುದೂ ತಪ್ಪು.

ನೋಟೀಸಿನಲ್ಲಿ "ಮಾನಸಿಕ" ಅನ್ನುವ ಮಾತು ಹಾಕಬೇಡಿ. "ಸ್ಕೂಲಿಗೆ ಹೊರಡುವಾಗ ಹೊಟ್ಟೆನೋವು, ತಲೆನೋವು ಅನ್ನುವ ಮಕ್ಕಳ ಬಗ್ಗೆ ಮಾತುಕತೆ" ಅಂತ ಬರೆಯಿರಿ. ಅಜ್ಜಿ ತಾತ ಇದ್ದರೆ ಕರೆತನ್ನಿ ಅಂತಲೂ ಸೇರಿಸಿ. ಅಪ್ಪ ಅಮ್ಮ ಕೆಲಸಕ್ಕೆ ಹೋದ ಮೇಲೆ "ಇವತ್ತೊಂದಿನ ಮನೇಲಿರ್ಲಿ ಬಿಡಮ್ಮ" ಅನ್ನುವವರು ಅವರೇ ಅಲ್ವಾ. ಮಕ್ಕಳು ಮಾತ್ರ ಆ ಕೋಣೆಯಲ್ಲಿ ಇರಬಾರದು. ಪಿಟಿ ಮೇಷ್ಟ್ರಿಗೆ ಹೇಳಿ ಮೈದಾನಕ್ಕೆ ಕಳಿಸಿ. ಇಲ್ಲದಿದ್ದರೆ ತಾಯಂದಿರು ಎಲ್ಲರೆದುರು ಮಗುವಿನ ಕಡೆ ಬೆರಳು ಮಾಡಿ "ಇವಳೇ ಸಾರ್, ದಿನಾ ಇದೇ ಗೋಳು" ಅಂದುಬಿಡುತ್ತಾರೆ.

ಬಾಗೇಪಲ್ಲಿ, ಗೌರಿಬಿದನೂರು, ಶ್ರೀನಿವಾಸಪುರದ ಕಡೆ ತುಂಬಾ ಮನೆಗಳಲ್ಲಿ ತೆಲುಗು. ನಿಮಗೆ ತೆಲುಗು ಬಾರದಿದ್ದರೆ ಬರುವ ಟೀಚರ್ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

2. ಮೊದಲ ಐದು ನಿಮಿಷ

"ಯಾರ ಮಗುವಿಗೆ ಆತಂಕ ಇದೆ?" ಅಂತ ಕೇಳಿದರೆ ಒಂದು ಕೈಯೂ ಏಳುವುದಿಲ್ಲ. "ಬೆಳಗ್ಗೆ ಸ್ಕೂಲಿಗೆ ಹೊರಡುವಾಗ ಹೊಟ್ಟೆನೋವು ಅಂತ ಯಾವತ್ತಾದರೂ ಯಾರ ಮಗು ಹೇಳಿದೆ?" ಅಂತ ಕೇಳಿ. ಹೆಚ್ಚುಕಮ್ಮಿ ಎಲ್ಲರೂ ಕೈ ಎತ್ತುತ್ತಾರೆ, ನಗುತ್ತಾರೆ. ಆಮೇಲೆ "ಅದು ಸುಳ್ಳು ಅಂತ ಯಾರಿಗೆ ಅನ್ನಿಸಿತ್ತು?" ಅಂತ ಕೇಳಿ. ಅಪ್ಪಂದಿರ ಕೈ ಜಾಸ್ತಿ ಏಳುತ್ತದೆ.

ಇಲ್ಲಿ ಸ್ವಲ್ಪ ನಿಂತು ಹೇಳಬೇಕಾದ ಮಾತು ಒಂದಿದೆ. ಆತಂಕದಿಂದ ಬರುವ ಹೊಟ್ಟೆನೋವು ನಿಜವಾದ ನೋವು. ಹೊಲದಲ್ಲಿ ಹಾವು ಕಂಡರೆ ನಮಗೆ ಏನಾಗುತ್ತದೆ? ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗೆ ಆಗುತ್ತದೆ. ದೇಹ ಓಡುವುದಕ್ಕೆ ರೆಡಿಯಾಗುತ್ತದೆ, ಅಡ್ರಿನಲಿನ್ ಅನ್ನುವ ರಾಸಾಯನಿಕ ರಕ್ತಕ್ಕೆ ಸೇರುತ್ತದೆ, ಹೊಟ್ಟೆಯ ಕಡೆ ಹೋಗುತ್ತಿದ್ದ ರಕ್ತ ಕೈಕಾಲಿನ ಸ್ನಾಯುಗಳ ಕಡೆ ತಿರುಗುತ್ತದೆ, ಕರುಳಿನ ಚಲನೆ ಏರುಪೇರಾಗುತ್ತದೆ. ಕ್ಲಾಸಿನಲ್ಲಿ ಎದ್ದು ನಿಂತು ಓದಬೇಕು ಅನ್ನುವ ಯೋಚನೆಗೂ ಮಗುವಿನ ದೇಹ ಹೀಗೇ ನಡೆದುಕೊಳ್ಳಬಹುದು. ಎದುರಿಗೆ ಹಾವು ಇಲ್ಲ, ಅಷ್ಟೇ ವ್ಯತ್ಯಾಸ. ಸಣ್ಣ ಮಕ್ಕಳಿಗೆ "ನನಗೆ ಭಯ" ಅಂತ ಹೇಳಲು ಬರುವುದಿಲ್ಲ, ಎಷ್ಟೋ ಸಲ ಅದು ಭಯ ಅಂತಲೂ ಅವರಿಗೆ ಗೊತ್ತಿರುವುದಿಲ್ಲ. ಗೊತ್ತಾಗುವುದು ಹೊಟ್ಟೆ ಮಾತ್ರ.

3. ಮೊದಲು ದೇಹದ ಕಾಯಿಲೆ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ನಿಮ್ಮ ಮಾತು ಕೇಳಿ ಯಾರೋ ಒಬ್ಬರು ಅಪೆಂಡಿಕ್ಸ್ ನೋವನ್ನು "ಆತಂಕ" ಅಂದುಕೊಂಡು ಮನೆಯಲ್ಲಿ ಕೂರಬಾರದು. ಆತಂಕದ ನೋವು ಸಾಮಾನ್ಯವಾಗಿ ಹೊಕ್ಕುಳ ಸುತ್ತ ಇರುತ್ತದೆ, ಮಗುವಿಗೆ ಇಲ್ಲೇ ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಬಲಗಡೆ ಕೆಳಹೊಟ್ಟೆಯ ನೋವು, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಜ್ವರ, ಮತ್ತೆ ಮತ್ತೆ ವಾಂತಿ, ಮಲದಲ್ಲಿ ರಕ್ತ, ಉರಿಮೂತ್ರ, ತೂಕ ಇಳಿಯುವುದು: ಇವುಗಳಲ್ಲಿ ಯಾವುದು ಇದ್ದರೂ ಮೊದಲು ಡಾಕ್ಟರ ಹತ್ತಿರ ಹೋಗಬೇಕು.

ಆಮೇಲೆ ಸ್ಕೂಲಿಗೇ ಸೇರಿದ ಕೆಲವು ಕಾರಣಗಳಿವೆ. ವಾರಕ್ಕೊಂದು ಸಲ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಕೆಲವು ಮಕ್ಕಳಿಗೆ ಹೊಟ್ಟೆ ನೋಯುತ್ತದೆ. ಆದರೆ ಆ ನೋವು ಮಾತ್ರೆ ತಿಂದ ಮೇಲೆ ಬರುತ್ತದೆ, ಬೆಳಗ್ಗೆ ಮನೆಯಲ್ಲಿ ಅಲ್ಲ. ಜಂತುಹುಳದ ಮಾತ್ರೆಯ ದಿನ ಮಗು ಗೈರಾಗಿತ್ತಾ ಅಂತ ನೋಡಿ. ಎಲ್ಲಕ್ಕಿಂತ ದೊಡ್ಡದು ಮಲಬದ್ಧತೆ. ಸ್ಕೂಲಿನ ಟಾಯ್ಲೆಟ್ಟಿನಲ್ಲಿ ನೀರಿಲ್ಲ, ಚಿಲಕ ಇಲ್ಲ, ವಾಸನೆ ಅಂತ ಮಕ್ಕಳು, ಮುಖ್ಯವಾಗಿ ಹೆಣ್ಣುಮಕ್ಕಳು, ಇಡೀ ದಿನ ತಡೆದುಕೊಂಡಿರುತ್ತಾರೆ, ಅದಕ್ಕಾಗಿ ನೀರೂ ಕುಡಿಯುವುದಿಲ್ಲ. ಆಗ ಹೊಟ್ಟೆಯೂ ನೋಯುತ್ತದೆ, ಸ್ಕೂಲು ಅಂದರೆ ಭಯವೂ ಆಗುತ್ತದೆ. ಇದು ಪೋಷಕರಿಗೆ ಹೇಳುವಾಗ ಹೆಡ್ ಮಾಸ್ಟರ್ ಕೂಡ ಕೋಣೆಯಲ್ಲೇ ಇರಲಿ, ಒಳ್ಳೆಯದು.

4. ಎಲ್ಲಾ ಭಯವೂ ಕಾಯಿಲೆಯಲ್ಲ

ಇದಕ್ಕೆ ಎರಡು ನಿಮಿಷ ಸಾಕು. ಜೂನ್‌ನಲ್ಲಿ ಒಂದನೇ ಕ್ಲಾಸಿನ ಮಗು ಎರಡು ಮೂರು ವಾರ ಅಳುವುದು ಮಾಮೂಲು. ದಸರಾ ರಜೆ ಮುಗಿದ ಮೇಲಿನ ಒಂದೆರಡು ದಿನ, ಪರೀಕ್ಷೆಯ ಹಿಂದಿನ ದಿನ ಕೂಡ ಹಾಗೇ. ಕೇಳಿಕೊಳ್ಳಬೇಕಾದದ್ದು ಇಷ್ಟು: ನಾಲ್ಕು ವಾರ ದಾಟಿತಾ? ಹೆದರುವ ವಿಷಯಕ್ಕಿಂತ ಭಯ ತುಂಬಾ ದೊಡ್ಡದಾಗಿದೆಯಾ? ಅದರಿಂದ ಮಗು ಏನಾದರೂ ಕಳೆದುಕೊಳ್ಳುತ್ತಿದೆಯಾ, ಅಂದರೆ ಹಾಜರಿ, ಆಟ, ನಿದ್ದೆ, ಊಟ, ಗೆಳತಿಯರು? ಮೂರಕ್ಕೂ ಹೌದು ಅಂದರೆ ಸುಮ್ನೆ ಬಿಡಬಾರದು.

5. ಗೋಡೆಯ ಕ್ಯಾಲೆಂಡರ್

ಸಭೆಯ ತಿರುಳು ಇದೇ, ಹತ್ತು ನಿಮಿಷ ಕೊಡಿ. ಪ್ರಶ್ನಾವಳಿ ಹಂಚಬೇಡಿ. ಅದನ್ನು ತುಂಬಿಸಿದ ಪೋಷಕರಿಗೆ ಒಂದು ಅಂಕ ಸಿಗುತ್ತದೆ, ಆ ಅಂಕ ಏನು ಅಂತ ಬಿಡಿಸಿ ಹೇಳುವ ತಜ್ಞರು ಅಲ್ಲಿರುವುದಿಲ್ಲ. ಅದರ ಬದಲು ಅಡುಗೆಮನೆಯ ಗೋಡೆಯಲ್ಲಿ ತೂಗುಹಾಕಿರುವ ಕ್ಯಾಲೆಂಡರ್ ಬಳಸಲು ಹೇಳಿ. ಎರಡು ವಾರ, ನೋವು ಬಂದ ದಿನಕ್ಕೆ ಒಂದು ಗೀಟು, ಪಕ್ಕದಲ್ಲಿ ಶುರುವಾದ ಗಂಟೆ, ಹೋದ ಗಂಟೆ. ಓದು ಬರಹ ಬಾರದ ಅಜ್ಜಿ ಕೂಡ ಗೀಟು ಹಾಕಬಹುದು. ಗೀಟು ಹಾಕುವುದು ಮಗುವಿಗೆ ಕಾಣಬಾರದು, ಕಂಡರೆ ಅದೇ ಒಂದು ಹೊಸ ಚಿಂತೆ.

ಬೋರ್ಡಿನ ಮೇಲೆ ಒಂದು ಉದಾಹರಣೆ ಬಿಡಿಸಿ ತೋರಿಸಿ. ನಾನು ಬಳಸುವುದು ಹೇಳಿಕೊಡಲು ಅಂತಲೇ ಕಟ್ಟಿಕೊಂಡ ಕಥೆ. ಹುಡುಗಿಗೆ ಕಾವ್ಯ ಅನ್ನೋಣ, ನಾಲ್ಕನೇ ಕ್ಲಾಸು, ಮನೆಯಲ್ಲಿ ರೇಷ್ಮೆ ಸಾಕುತ್ತಾರೆ.

ಮೊದಲ ವಾರ ಸೋಮವಾರ ಒಂದು ಗೀಟು, ಬುಧವಾರ ಒಂದು ಗೀಟು. ಎರಡೂ ದಿನ ಏಳೂವರೆಗೆ ಶುರು, ಸ್ಕೂಲು ಬೇಡ ಅಂತ ಮನೆಯಲ್ಲೇ ಉಳಿಸಿಕೊಂಡ ಮೇಲೆ ಹತ್ತು ಗಂಟೆಗೆಲ್ಲಾ ಮಾಯ. ಮಧ್ಯಾಹ್ನ ಚೆನ್ನಾಗಿ ಊಟ. ಭಾನುವಾರ ನೋವಿಲ್ಲ, ಆದರೆ ಭಾನುವಾರ ಸಂಜೆ "ನಾಳೆ ಸ್ಕೂಲು ಇದ್ಯಾ?" ಅಂತ ಮತ್ತೆ ಮತ್ತೆ ಕೇಳುತ್ತಾಳೆ, ರಾತ್ರಿ ಮುದ್ದೆ ಅರ್ಧ ಬಿಡುತ್ತಾಳೆ. ಎರಡನೇ ವಾರ ಸೋಮವಾರ ಮತ್ತೆ ಗೀಟು. ಬುಧವಾರ ಹಬ್ಬದ ರಜೆ, ನೋವಿಲ್ಲ. ಗುರುವಾರ ಗೀಟು!

ಇಷ್ಟು ಬರೆದು ಪೋಷಕರನ್ನೇ ಕೇಳಿ, ಏನು ಕಾಣುತ್ತದೆ ಅಂತ. ಮೊದಲು "ಸ್ಕೂಲು ಅಂದ್ರೆ ಆಗಲ್ಲ ಅವಳಿಗೆ" ಅನ್ನುತ್ತಾರೆ. ಹಾಗಿದ್ದರೆ ಮಂಗಳವಾರ, ಶುಕ್ರವಾರ ಯಾಕೆ ನಗುನಗುತ್ತಾ ಹೋದಳು? ಈಗ ಟೈಮ್‌ಟೇಬಲ್ ಪಕ್ಕದಲ್ಲಿ ಬರೆಯಿರಿ. ಸೋಮವಾರ, ಬುಧವಾರ ಮೊದಲನೇ ಪೀರಿಯಡ್ ಇಂಗ್ಲಿಷ್, ಒಬ್ಬೊಬ್ಬರೇ ಎದ್ದು ನಿಂತು ಗಟ್ಟಿಯಾಗಿ ಓದಬೇಕು. ಹಬ್ಬದ ವಾರ ಆ ಪೀರಿಯಡ್ಡನ್ನು ಗುರುವಾರಕ್ಕೆ ಹಾಕಿದ್ದರು. ಕಾವ್ಯಳಿಗೆ ಭಯ ಇರುವುದು ಸ್ಕೂಲಿನದಲ್ಲ, ಆ ಹತ್ತು ನಿಮಿಷದ್ದು. ಓದುವಾಗ ಒಂದು ಸಲ ತಡವರಿಸಿದ್ದಳು, ಹುಡುಗರು ನಕ್ಕಿದ್ದರು.

ಎಲ್ಲಾ ಮಕ್ಕಳ ಕ್ಯಾಲೆಂಡರ್ ಇಷ್ಟು ಚೊಕ್ಕವಾಗಿ ಬರುವುದಿಲ್ಲ ಅಂತಲೂ ಹೇಳಿಬಿಡಿ. ಕೆಲವರದು ಎಲ್ಲಾ ದಿನವೂ ಗೀಟು. ಅದು ಅಮ್ಮನನ್ನು ಬಿಟ್ಟಿರಲಾಗದ ಭಯ ಇರಬಹುದು, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದಿದ್ದಾಗ ಹೀಗೆ ಆಗುತ್ತದೆ. ಭಾನುವಾರವೂ, ರಜೆಯಲ್ಲೂ ಅಷ್ಟೇ ನೋವಿದ್ದರೆ ಮತ್ತೆ ಡಾಕ್ಟರ ಹತ್ತಿರ ಹೋಗಿ.

6. ಮನೆಯಲ್ಲಿ ನಡೆದದ್ದೇನು

ಕಾವ್ಯಳ ಅಜ್ಜಿ ಜೀರಿಗೆ ಕಷಾಯ ಕೊಟ್ಟು, ಟಿವಿ ಹಾಕಿ, ಪಕ್ಕದಲ್ಲಿ ಮಲಗಿಸಿಕೊಂಡರು. ಅಪ್ಪ "ನಾಟಕ ಆಡ್ತಾಳೆ" ಅಂತ ಗದರಿದರು. ಇಬ್ಬರದೂ ಪ್ರೀತಿಯೇ. ಆದರೆ ನೋಡಿ, ಮನೆಯಲ್ಲಿ ಉಳಿದ ತಕ್ಷಣ ನೋವು ಹೋಯಿತು, ಹಾಯ್ ಅನ್ನಿಸಿತು. "ಹೋಗದಿದ್ದರೆ ಬಚಾವು" ಅಂತ ದೇಹ ಕಲಿತುಬಿಟ್ಟಿತು. ಮುಂದಿನ ಸಲ ನೋವು ಇನ್ನೂ ಬೇಗ, ಇನ್ನೂ ಜೋರಾಗಿ ಬರುತ್ತದೆ. ಮಗು ಬೇಕಂತ ಮಾಡುತ್ತಿಲ್ಲ. ಗದರಿದ್ದರಿಂದ ಆದದ್ದು ಒಂದೇ, ಅವಳು ಅಪ್ಪನ ಹತ್ತಿರ ಹೇಳುವುದು ನಿಲ್ಲಿಸಿದಳು.

7. ಹೇಳುವ ಮಾತು, ಹತ್ತುವ ಮೆಟ್ಟಿಲು

"ಏನೂ ಇಲ್ಲ, ಹೆದರ್ಬೇಡ" ಅನ್ನುವುದು ನಮ್ಮೆಲ್ಲರ ಬಾಯಿಗೆ ಬರುವ ಮೊದಲ ಮಾತು. ಅದು ಕೆಲಸ ಮಾಡುವುದಿಲ್ಲ, ಯಾಕಂದರೆ ಮಗುವಿಗೆ ಏನೋ ಆಗುತ್ತಿದೆ. ಎರಡು ಭಾಗದ ಮಾತು ಹೇಳಿಕೊಡಿ: "ಹೊಟ್ಟೆ ನೋಯ್ತಿದೆ, ಓದೋಕೆ ಭಯ ಆಗ್ತಿದೆ ಅಂತ ಗೊತ್ತು ಕಣೇ. ಭಯ ಇದ್ರೂ ನೀನು ಹೋಗಿ ಬರ್ತೀಯ, ನಂಗೆ ನಂಬಿಕೆ ಇದೆ." ಮೊದಲ ಭಾಗ ಮಾತ್ರ ಹೇಳಿದರೆ ಮಗು ಮನೆಯಲ್ಲೇ ಉಳಿಯುತ್ತದೆ, ಎರಡನೆಯದು ಮಾತ್ರ ಹೇಳಿದರೆ ಗದರಿದ ಹಾಗೆ ಕೇಳಿಸುತ್ತದೆ. ಸಭೆಯಲ್ಲಿ ಪಕ್ಕಪಕ್ಕ ಕೂತವರು ಒಬ್ಬರಿಗೊಬ್ಬರು ಇದನ್ನು ಜೋರಾಗಿ ಹೇಳಿ ನೋಡಲಿ. ನಗು ಬರುತ್ತದೆ, ಬರಲಿ, ಬಾಯಿಗೆ ಬಂದರೆ ಬೆಳಗಿನ ಗಡಿಬಿಡಿಯಲ್ಲಿ ನೆನಪಿಗೆ ಬರುತ್ತದೆ. ಏನಾಯ್ತು, ಯಾಕೆ, ಯಾರು ಅನ್ನುವ ವಿಚಾರಣೆ ಏಳೂವರೆಗೆ ಬೇಡ, ರಾತ್ರಿ ಊಟದ ಹೊತ್ತಿಗೆ ಇಟ್ಟುಕೊಳ್ಳಿ.

ಆಮೇಲೆ ಮೆಟ್ಟಿಲು. ಕಾವ್ಯ ಮೊದಲು ಮನೆಯಲ್ಲಿ ಅಜ್ಜಿಗೆ ಅದೇ ಪಾಠ ಓದುತ್ತಾಳೆ. ನಂತರ ಸ್ಕೂಲಿನಲ್ಲಿ ಬಿಡುವಿನಲ್ಲಿ ಮಿಸ್ಸಿನ ಟೇಬಲ್ ಹತ್ತಿರ ಒಂದು ಸಾಲು. ನಂತರ ಗೆಳತಿ ಜೊತೆ ಸೇರಿ ಓದುವುದು. ನಂತರ ಕ್ಲಾಸಿನಲ್ಲಿ ಕೂತಲ್ಲೇ ಎರಡು ಸಾಲು, ಯಾವ ಸಾಲು ಅಂತ ಹಿಂದಿನ ದಿನವೇ ಮಿಸ್ಸು ಹೇಳಿರಬೇಕು. ಕೊನೆಗೆ ಎದ್ದು ನಿಂತು. ಒಂದು ಮೆಟ್ಟಿಲಲ್ಲಿ ಭಯ ಸ್ವಲ್ಪ ಇಳಿಯುವ ತನಕ ಅಲ್ಲೇ ಕೆಲವು ಸಲ ಮಾಡಿಸಿ, ಒಂದು ದಿನ ಆಗದಿದ್ದರೆ ಅದೇ ಮೆಟ್ಟಿಲಲ್ಲಿ ನಿಲ್ಲಿ. "ಅವಳನ್ನ ಓದಿಸ್ಲೇಬೇಡಿ ಮಿಸ್" ಅಂತ ಪೂರ್ತಿ ರಿಯಾಯಿತಿ ಕೇಳಬೇಡಿ. ಅದು ಅಜ್ಜಿಯ ಟಿವಿಯ ಇನ್ನೊಂದು ರೂಪ.

ನಿಜಕ್ಕೂ ಮನೆಯಲ್ಲಿ ಉಳಿಯಬೇಕಾದ ದಿನ ಟಿವಿ ಇಲ್ಲ, ಮೊಬೈಲ್ ಇಲ್ಲ, ಬೈಗುಳವೂ ಇಲ್ಲ, ಸುಮ್ನೆ ವಿಶ್ರಾಂತಿ. ನೋವು ಹತ್ತು ಗಂಟೆಗೆ ಇಳಿದರೆ ಹನ್ನೊಂದಕ್ಕೆ ಕರೆದುಕೊಂಡು ಹೋಗಿ ಬಿಡಿ. ಅರ್ಧ ದಿನವಾದರೂ ಹೋದದ್ದು ಹೋದದ್ದೇ.

ಮೊದಲ ಕೆಲವು ದಿನ ಅಳು ಜಾಸ್ತಿಯಾಗುತ್ತದೆ, ಇದನ್ನು ಮೊದಲೇ ಹೇಳದಿದ್ದರೆ ಮೂರನೇ ದಿನಕ್ಕೆ ಮನೆಯವರು ಕೈಬಿಡುತ್ತಾರೆ. ಸರಿಹೋಗುತ್ತಿದೆ ಅಂತ ತಿಳಿಯುವುದು ಹೇಗೆ? ಗೀಟುಗಳು ಮೊದಲಿಗೆ ಕಡಿಮೆಯಾಗುವುದಿಲ್ಲ. ಗೀಟು ಇದ್ದರೂ ಮಗು ಹೋಗುತ್ತದೆ. ಆಮೇಲೆ ನೋವಿನ ಹೊತ್ತು ಚಿಕ್ಕದಾಗುತ್ತದೆ. ಗೀಟು ಹೋಗುವುದು ಕೊನೆಗೆ.

8. ಮೆಟ್ಟಿಲು ಹತ್ತಿಸಬಾರದ ಮಕ್ಕಳು

ಇದನ್ನು ನಿಧಾನವಾಗಿ, ಎರಡು ಸಲ ಹೇಳಿ. ಮಗುವನ್ನು ಯಾರಾದರೂ ಹೊಡೆಯುತ್ತಿದ್ದರೆ, ಕಾಡುತ್ತಿದ್ದರೆ, ಮುಟ್ಟಬಾರದ ಕಡೆ ಮುಟ್ಟುತ್ತಿದ್ದರೆ ಆ ಭಯ ಸರಿಯಾದ ಭಯ. ಅಲ್ಲಿ ಮಗುವಿಗೆ ಧೈರ್ಯ ತುಂಬಿ ಕಳಿಸುವುದಲ್ಲ, ಮೊದಲು ಅದನ್ನು ನಿಲ್ಲಿಸಬೇಕು. ಒಬ್ಬರೇ ವ್ಯಕ್ತಿ, ಒಂದೇ ಜಾಗ, ಒಂದೇ ವ್ಯಾನ್ ಅಂದರೆ ಭಯ, ಚೆನ್ನಾಗಿದ್ದ ಮಗು ಇದ್ದಕ್ಕಿದ್ದಂತೆ ಬದಲಾಗುವುದು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು ಕಂಡರೆ ಕಿವಿಗೊಡಿ. ಮಕ್ಕಳ ಸಹಾಯವಾಣಿ 1098. ಶಿಕ್ಷಕರ ಬೆತ್ತದ ವಿಷಯವೂ ಇದರಲ್ಲೇ ಬರುತ್ತದೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಹೊಡೆಯುವುದು, ಮಾನಸಿಕವಾಗಿ ಹಿಂಸಿಸುವುದು ಎರಡೂ ನಿಷೇಧ.

ಇನ್ನೊಂದು, ಅಕ್ಷರ ಜೋಡಿಸಿ ಓದುವುದೇ ಮಗುವಿಗೆ ಕಷ್ಟ ಇರಬಹುದು. ಅಜ್ಜಿಯ ಮುಂದೆಯೂ ಓದಲಾಗದಿದ್ದರೆ ಓದು ಕಲಿಸುವ ಕೆಲಸ ಮೊದಲು.

9. ಮಾತೇ ಆಡದ ಜಾಣ ಮಗು

ಅಳುವ ಮಗು ಎಲ್ಲರ ಕಣ್ಣಿಗೆ ಬೀಳುತ್ತದೆ. ಮೂಲೆಯಲ್ಲಿ ಕೂತು ಒಂದು ಮಾತೂ ಆಡದ ಮಗುವಿಗೆ "ತುಂಬಾ ಜಾಣೆ, ತಂಟೆ ಇಲ್ಲ" ಅಂತ ಹೊಗಳಿಕೆ ಸಿಗುತ್ತದೆ. ಮನೆಯಲ್ಲಿ ಪಟಪಟ ಮಾತಾಡುವ ಮಗು ಸ್ಕೂಲಿನಲ್ಲಿ ಬಾಯೇ ಬಿಡದಿದ್ದರೆ, ಸೇರಿದ ಮೊದಲ ತಿಂಗಳು ಬಿಟ್ಟು ಆಮೇಲೂ ಒಂದು ತಿಂಗಳ ಮೇಲೆ ಹಾಗೇ ಇದ್ದರೆ, ಅದೂ ಆತಂಕದ ಒಂದು ಬಗೆ. ತೆಲುಗು ಮನೆಯ ಮಗು ಕನ್ನಡ ಕ್ಲಾಸಿನಲ್ಲಿ ಸುಮ್ಮನಿರುವುದು ಬೇರೆ. ಆ ಮಗು ಮೈದಾನದಲ್ಲಿ ಗೆಳೆಯರ ಜೊತೆ ತೆಲುಗಿನಲ್ಲಿ ಕೂಗಾಡುತ್ತಿರುತ್ತದೆ. ಯಾವ ಭಾಷೆಯಲ್ಲೂ, ಯಾರ ಜೊತೆಯೂ ಇಲ್ಲ ಅಂದರೆ ತೋರಿಸಬೇಕು.

10. ಬಂದೇ ಬರುವ ಪ್ರಶ್ನೆಗಳು

"ದೃಷ್ಟಿ ಆಗಿರ್ಬೋದಾ?" ಅಂತ ಯಾರಾದರೂ ಕೇಳುತ್ತಾರೆ. ನಗಬೇಡಿ, ವಾದಕ್ಕೂ ಇಳಿಯಬೇಡಿ. ದೃಷ್ಟಿ ತೆಗೆದುಕೊಳ್ಳಿ, ಜೊತೆಗೆ ಕ್ಯಾಲೆಂಡರಿಗೆ ಗೀಟೂ ಹಾಕಿ ಅನ್ನಿ. "ಇದಕ್ಕೆ ಮಾತ್ರೆ ಇದ್ಯಾ?" ಇದೆ, ಆದರೆ ಹೆಚ್ಚಿನ ಮಕ್ಕಳಿಗೆ ಮೊದಲು ಕೊಡುವುದು ಮಾತಿನ ಚಿಕಿತ್ಸೆ, ಮೇಲೆ ಹೇಳಿದ ಮೆಟ್ಟಿಲು ಅದರದೇ ಒಂದು ಭಾಗ. ಮಾತ್ರೆ ಬೇಕಾ ಅಂತ ಮನೋವೈದ್ಯರು ನಿರ್ಧರಿಸಬೇಕು, ಮೆಡಿಕಲ್ ಸ್ಟೋರಿನಲ್ಲಿ ಕೇಳಿ ನಿದ್ದೆ ಮಾತ್ರೆ ತರುವುದು ಬೇಡವೇ ಬೇಡ. "ನಮ್ಮಿಂದಲೇ ಬಂತಾ?" ಅಂತ ಅಮ್ಮಂದಿರು ಮೆಲ್ಲಗೆ ಕೇಳುತ್ತಾರೆ. ಆತಂಕದ ಸ್ವಭಾವ ಸ್ವಲ್ಪ ಮಟ್ಟಿಗೆ ವಂಶದಲ್ಲಿ ಬರುತ್ತದೆ, ಅದು ಯಾರ ತಪ್ಪೂ ಅಲ್ಲ.

11. ಎಲ್ಲಿಗೆ ಹೋಗಬೇಕು

ಒಂದು ತಿಂಗಳು ದಾಟಿದರೆ, ಹಾಜರಿ ಬೀಳುತ್ತಿದ್ದರೆ, ಮೆಟ್ಟಿಲಿನಿಂದ ಏನೂ ಆಗದಿದ್ದರೆ ಹತ್ತಿರದ ಸರ್ಕಾರಿ ಆಸ್ಪತ್ರೆಯಿಂದ ಶುರುಮಾಡಬಹುದು. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಬರುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಸಭೆಗೆ ಮೊದಲೇ ಆಸ್ಪತ್ರೆಗೆ ಫೋನ್ ಮಾಡಿ ತಿಳಿದುಕೊಂಡು ಹೋಗಿ, "ವಿಚಾರಿಸಿ ನೋಡಿ" ಅಂದರೆ ಯಾರೂ ವಿಚಾರಿಸುವುದಿಲ್ಲ. ಅಲ್ಲಿಂದ ಜಿಲ್ಲಾ ಆಸ್ಪತ್ರೆ, ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್, ಅಲ್ಲಿ ಮಕ್ಕಳಿಗೇ ಬೇರೆ ವಿಭಾಗ ಇದೆ. 2022ರಲ್ಲಿ ಶುರುವಾದ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416, ಉಚಿತ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಮಗು ಸಾಯುವ ಮಾತಾಡಿದರೆ, ಮೈಗೆ ಗಾಯ ಮಾಡಿಕೊಂಡರೆ ಮಂಗಳವಾರಕ್ಕೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಬೇಕು, ಮಗುವನ್ನು ಒಂಟಿಯಾಗಿ ಬಿಡಬಾರದು. 1098, 14416 ಎರಡೂ ನಂಬರನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು, ಎಲ್ಲರೂ ಫೋಟೋ ತೆಗೆದುಕೊಳ್ಳುವ ತನಕ ಅಳಿಸಬೇಡಿ.

12. ಸಭೆ ಮುಗಿದ ಮೇಲೆ

ಟೀ ಕೊಡುವಾಗ ಹೊರಟುಬಿಡಬೇಡಿ. ಎಲ್ಲರೆದುರು ಬಾಯಿ ಬಿಡದವರು ಆಗ ಹತ್ತಿರ ಬರುತ್ತಾರೆ. ಅವರಿಗೆ "ಇದು ಆತಂಕವೇ" ಅಂತ ಹೆಸರಿಟ್ಟು ಕಳಿಸುವುದು ನಿಮ್ಮ ಕೆಲಸವಲ್ಲ. ಎಷ್ಟು ದಿನದಿಂದ, ಯಾವ ಹೊತ್ತು, ಸ್ಕೂಲು ಎಷ್ಟು ತಪ್ಪಿದೆ ಅಂತ ಕೇಳಿ, ಕ್ಯಾಲೆಂಡರೋ ಆಸ್ಪತ್ರೆಯೋ ಒಂದು ಹೇಳಿ. ಕ್ಲಾಸ್ ಟೀಚರಿಗೆ ತಿಳಿಸಬಹುದಾ ಅಂತ ಅವರನ್ನೇ ಕೇಳಿಕೊಂಡು ತಿಳಿಸಿ. ಎರಡು ವಾರ ಬಿಟ್ಟು ಇನ್ನೊಂದು ಶನಿವಾರ ಅದೇ ಹೊತ್ತಿಗೆ ಬರುತ್ತೇನೆ ಅಂತ ದಿನ ಹೇಳಿ, ಆ ತಿಂಗಳ ಹಾಳೆ ಹರಿಯದೆ ತರಲು ಹೇಳಿ. ಎಷ್ಟು ಜನ ತರುತ್ತಾರೆ? ಸಭೆಗೆ ಬಂದವರಲ್ಲಿ ತೀರಾ ಕಡಿಮೆ. ಆದರೆ ತಂದವರ ಜೊತೆ ಅರ್ಧ ಗಂಟೆ ಕೂತು ಟೈಮ್‌ಟೇಬಲ್ ಪಕ್ಕದಲ್ಲಿಟ್ಟು ನೋಡುವುದಕ್ಕೆ ಕ್ಲಾಸ್ ಟೀಚರೂ ಬೇಕು, ಅವರಿಗೆ ಆ ಪೀರಿಯಡ್ ಬಿಡುವು ಮಾಡಿಕೊಡುವಂತೆ ಹೆಡ್ ಮಾಸ್ಟರ್ ಹತ್ತಿರ ಅವತ್ತೇ ಒಪ್ಪಿಸಿಕೊಂಡು ಬನ್ನಿ.